ಗೋಡೆಗೆ ಬಡಿದು ಬಂದ ಅಲೆಯ ಉಪಕಾರ

ಮನೆಯ ಮಾಡಿನ ಮೇಲೆ ಆಂಟೆನಾ ನೆಟ್ಟು ದೂರದರ್ಶನ ನೋಡುತ್ತಿದ್ದ ಕಾಲದವರಿಗೆ ಒಂದು ಕಿರಿಕಿರಿ ನೆನಪಿರುತ್ತದೆ. ವಾರ್ತೆ ಓದುವವರ ಮುಖದ ಪಕ್ಕದಲ್ಲೇ ಅದೇ ಮುಖದ ಮಸುಕು ನೆರಳೊಂದು ಕಾಣಿಸುತ್ತಿತ್ತು. ಯಾರಾದರೊಬ್ಬರು ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು, ಕೆಳಗಿನಿಂದ ಇನ್ನೊಬ್ಬರು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎಂದು ಕೂಗಬೇಕು. ಆ ನೆರಳಿಗೆ ಕಾರಣ ಟಿವಿಯ ದೋಷವಲ್ಲ. ಪ್ರಸಾರ ಕೇಂದ್ರದಿಂದ ನೇರವಾಗಿ ಬಂದ ಅಲೆಯ ಜೊತೆಗೆ, ಹತ್ತಿರದ ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ಸುತ್ತಿ ಬಂದ ಅದೇ ಅಲೆಯ ಇನ್ನೊಂದು ಪ್ರತಿ ತುಸು ತಡವಾಗಿ ಆಂಟೆನಾ ಮುಟ್ಟುತ್ತಿತ್ತು. ತಡವಾದಷ್ಟೂ ನೆರಳು ಪಕ್ಕಕ್ಕೆ ಸರಿಯುತ್ತಿತ್ತು.

ರೇಡಿಯೊ ಎಂಜಿನಿಯರುಗಳು ದಶಕಗಳ ಕಾಲ ಈ ಪ್ರತಿಫಲನವನ್ನು ಶತ್ರುವೆಂದೇ ಎಣಿಸಿದರು. ಮೊಬೈಲ್ ಬಂದ ಮೇಲಂತೂ ತೊಂದರೆ ಹೆಚ್ಚಾಯಿತು. ಎರಡು ದಾರಿಯಲ್ಲಿ ಬಂದ ಅಲೆಗಳಲ್ಲಿ ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದರೆ ಎರಡೂ ಅಳಿಸಿಹೋಗುತ್ತವೆ, ಸಿಗ್ನಲ್ ಕುಸಿಯುತ್ತದೆ. ಕೆಲವೇ ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ಮತ್ತೆ ಸರಿಹೋಗುತ್ತದೆ. ಈ ಏರುಪೇರನ್ನು ತಾಳಿಕೊಳ್ಳುವುದು ಹೇಗೆ ಎಂಬುದೇ ಆಗಿನ ಸಂಶೋಧನೆಯ ದೊಡ್ಡ ಪಾಲು. ಆದರೆ ಇಂದು ನಿಮ್ಮ ಮನೆಯ ವೈಫೈ ಒಂದೇ ತರಂಗಾಂತರದಲ್ಲಿ, ಒಂದೇ ಹೊತ್ತಿನಲ್ಲಿ ಎರಡು ಬೇರೆ ಬೇರೆ ಮಾಹಿತಿಯನ್ನು ಕಳಿಸಿ ದುಪ್ಪಟ್ಟು ವೇಗ ಕೊಡುತ್ತಿದ್ದರೆ ಅದಕ್ಕೆ ಮುಖ್ಯ ನೆರವು ಅದೇ ಪ್ರತಿಫಲನದ್ದು. ಅಲೆಯನ್ನು ಚದುರಿಸುವ ಗೋಡೆ, ಕಪಾಟು, ಕಬ್ಬಿಣದ ಗ್ರಿಲ್ಲು ಇವೆಲ್ಲ ಈಗ ಯಂತ್ರದ ಒಂದು ಭಾಗವೇ ಆಗಿವೆ. ಇದು ಹೇಗೆ ಸಾಧ್ಯ ಎಂಬುದನ್ನು ನಿಧಾನವಾಗಿ ನೋಡೋಣ.

ಮೊದಲಿಗೆ, ಒಂದೇ ಆಂಟೆನಾದಲ್ಲಿ ವೇಗ ಹೆಚ್ಚಿಸುವುದು ಎಷ್ಟು ದುಬಾರಿ ಎಂದು ತಿಳಿಯಬೇಕು. 1948ರಲ್ಲಿ ಕ್ಲಾಡ್ ಶಾನನ್ ಕೊಟ್ಟ ಸೂತ್ರ ಇದಕ್ಕೆ ಮಿತಿ ಹಾಕುತ್ತದೆ.

```
C = B log2(1 + S/N)
```

ಇಲ್ಲಿ `B` ಎಂದರೆ ಬ್ಯಾಂಡ್‌ವಿಡ್ತ್, ಅಂದರೆ ನಮಗೆ ಸಿಕ್ಕಿರುವ ತರಂಗಾಂತರದ ಅಗಲ. `S/N` ಎಂದರೆ ಸಿಗ್ನಲ್ಲಿನ ಬಲವು ಗದ್ದಲದ ಬಲಕ್ಕಿಂತ ಎಷ್ಟು ಪಟ್ಟು ಎಂಬುದು. ಸಿಗ್ನಲ್ ಗದ್ದಲಕ್ಕಿಂತ 1000 ಪಟ್ಟು ಬಲವಾಗಿದ್ದರೆ ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ ಸುಮಾರು 10 ಬಿಟ್ ಕಳಿಸಬಹುದು. ಶಕ್ತಿಯನ್ನು ಎರಡರಷ್ಟು ಮಾಡಿದರೆ 20 ಆಗುವುದಿಲ್ಲ, 11 ಆಗುತ್ತದೆ ಅಷ್ಟೆ. 20 ಬಿಟ್ ಬೇಕೆಂದರೆ ಶಕ್ತಿಯನ್ನು ಸಾವಿರ ಪಟ್ಟು ಏರಿಸಬೇಕು. ಯಾವ ಮೊಬೈಲಿನ ಬ್ಯಾಟರಿಯೂ ಅದನ್ನು ತಾಳದು, ಯಾವ ಸರ್ಕಾರವೂ ಅದಕ್ಕೆ ಅನುಮತಿ ಕೊಡದು. ಬ್ಯಾಂಡ್‌ವಿಡ್ತ್ ಹೆಚ್ಚಿಸೋಣವೆಂದರೆ ತರಂಗಾಂತರವನ್ನು ಹರಾಜಿನಲ್ಲಿ ಸಾವಿರಾರು ಕೋಟಿ ಕೊಟ್ಟು ಕೊಳ್ಳಬೇಕು. ಹಾಗಾಗಿ ಇದ್ದ ತರಂಗಾಂತರದಲ್ಲೇ, ಇದ್ದ ಶಕ್ತಿಯಲ್ಲೇ ಎರಡು ಸಂದೇಶ ಒಟ್ಟಿಗೆ ಹೋಗುವಂತಿದ್ದರೆ ಎಂಬ ಆಸೆ ಸಹಜ.

ಎರಡು ಆಂಟೆನಾಗಳಿಂದ ಎರಡು ಸಂದೇಶಗಳನ್ನು ಒಂದೇ ತರಂಗಾಂತರದಲ್ಲಿ ಬಿಟ್ಟರೆ ಗಾಳಿಯಲ್ಲಿ ಅವು ಬೆರೆತುಹೋಗುತ್ತವೆ. ಒಂದು ಆಂಟೆನಾ ಹಿಡಿದು ಕೇಳುವವನಿಗೆ ಬರೀ ಗೋಜಲು. ಆದರೆ ಕೇಳುವ ಕಡೆಯೂ ಎರಡು ಆಂಟೆನಾ ಇದ್ದರೆ ಎರಡು ಬೇರೆ ಬೇರೆ ಮಿಶ್ರಣಗಳು ಸಿಗುತ್ತವೆ. ಎರಡು ಮಿಶ್ರಣದಿಂದ ಎರಡು ಮೂಲವನ್ನು ಬಿಡಿಸುವುದು ಶಾಲೆಯಲ್ಲಿ ಕಲಿತ ಜೋಡಿ ಸಮೀಕರಣದ ಲೆಕ್ಕವೇ. ಅಂಗಡಿಯ ಎರಡು ಚೀಟಿಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ 2 ತೆಂಗಿನಕಾಯಿ ಮತ್ತು 1 ಕಿಲೊ ಬೆಲ್ಲದ ಒಟ್ಟು ಮೊತ್ತ, ಇನ್ನೊಂದರಲ್ಲಿ 1 ತೆಂಗಿನಕಾಯಿ ಮತ್ತು 3 ಕಿಲೊ ಬೆಲ್ಲದ ಮೊತ್ತ. ಬಿಡಿ ಬೆಲೆ ಬರೆಯದಿದ್ದರೂ ಲೆಕ್ಕ ಹಾಕಿ ತಿಳಿಯಬಹುದು. ಎರಡನೆಯ ಚೀಟಿ 4 ಕಾಯಿ ಮತ್ತು 2 ಕಿಲೊ ಬೆಲ್ಲದ್ದಾಗಿದ್ದರೆ ಅದು ಮೊದಲಿನದರ ದುಪ್ಪಟ್ಟು ಮಾತ್ರ, ಹೊಸದೇನನ್ನೂ ಹೇಳುವುದಿಲ್ಲ. ಎರಡನೆಯದು ದುಪ್ಪಟ್ಟಿಗೆ ತೀರಾ ಹತ್ತಿರವಿದ್ದರೆ ಇನ್ನೊಂದು ಅಪಾಯ: ಅಂಗಡಿಯವರು ಚಿಲ್ಲರೆ ಬಿಟ್ಟು ಒಂದು ರೂಪಾಯಿ ಅತ್ತಿತ್ತ ಮಾಡಿದರೂ ನಮ್ಮ ಉತ್ತರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ರೇಡಿಯೊದಲ್ಲಿ ಆ ಒಂದು ರೂಪಾಯಿಯ ಜಾಗದಲ್ಲಿ ಗದ್ದಲವಿದೆ, ಮತ್ತು ಅದು ಎಂದಿಗೂ ಸೊನ್ನೆಯಾಗುವುದಿಲ್ಲ.

ಇದನ್ನೇ ಅಂಕಿಗಳಲ್ಲಿ ಮಾಡಿ ನೋಡೋಣ. ಕಳಿಸುವ ಎರಡು ಸಂದೇಶಗಳು `a` ಮತ್ತು `b`. ಪ್ರತಿಯೊಂದೂ +1 ಅಥವಾ −1. ನಾವು ಕಳಿಸಿದ್ದು `a = +1`, `b = −1`. ಕೇಳುವ ಆಂಟೆನಾಗಳಿಗೆ ಬಂದು ತಲುಪುವುದು `y1` ಮತ್ತು `y2`. ಮೊದಲು ಅಲೆಗಳು ಚೆನ್ನಾಗಿ ಚದುರಿದ ಕೋಣೆಯಲ್ಲಿ ಹೀಗಿದೆ ಎನ್ನೋಣ:

```
y1 = a + b
y2 = a - b
```

ಎರಡನೆಯ ಸಾಲಿನಲ್ಲಿ `b`ಯ ಮುಂದೆ ಕಳೆಯುವ ಚಿಹ್ನೆ ಬಂದದ್ದೇಕೆಂದರೆ, `b` ಎರಡನೆಯ ಆಂಟೆನಾ ತಲುಪುವಾಗ ಅರ್ಧ ಅಲೆಯಷ್ಟು ಹೆಚ್ಚು ದೂರ ಸಾಗಿ ತಲೆಕೆಳಗಾಗಿದೆ. ಗದ್ದಲವಿಲ್ಲದಿದ್ದರೆ `y1 = 0`, `y2 = 2`. ಈಗ ಗದ್ದಲ ಸೇರಿಸಿ: ಮೊದಲನೆಯದಕ್ಕೆ +0.1, ಎರಡನೆಯದಕ್ಕೆ −0.1. ನಮಗೆ ಸಿಗುವುದು 0.1 ಮತ್ತು 1.9. ಕೂಡಿಸಿ ಅರ್ಧ ಮಾಡಿದರೆ `a = 1.0`, ಕಳೆದು ಅರ್ಧ ಮಾಡಿದರೆ `b = −0.9`. ಹತ್ತಿರದ ಬೆಲೆಗೆ ತಂದರೆ +1 ಮತ್ತು −1. ಎರಡೂ ಸರಿ.

ಇನ್ನೀಗ ಎರಡು ಆಂಟೆನಾಗಳೂ ಬಹುತೇಕ ಒಂದೇ ಮಿಶ್ರಣವನ್ನು ಕೇಳುವ ಬಯಲಿಗೆ ಬರೋಣ:

```
y1 = a + b
y2 = a + 0.9 b
```

ಗದ್ದಲವಿಲ್ಲದಿದ್ದರೆ `y1 = 0`, `y2 = 0.1`. ಮೊದಲಿನಷ್ಟೇ ಗದ್ದಲ ಸೇರಿಸಿದರೆ 0.1 ಮತ್ತು 0. ಎರಡನ್ನೂ ಕಳೆದಾಗ ಉಳಿಯುವ 0.1ನ್ನು 0.1ರಿಂದ ಭಾಗಿಸಿದರೆ `b = +1`, ಅದರಿಂದ `a = −0.9`. ಎರಡು ಸಂದೇಶವೂ ತಲೆಕೆಳಗು! ಗದ್ದಲ ಒಂದು ಚೂರೂ ಹೆಚ್ಚಾಗಿಲ್ಲ. ಕಳಿಸಿದ ಶಕ್ತಿಯೂ ಅಷ್ಟೇ ಇದೆ. ಕೆಟ್ಟದ್ದು ಒಂದೇ, ಎರಡು ಮಿಶ್ರಣಗಳ ನಡುವಿನ ವ್ಯತ್ಯಾಸ. ಅದು ಸಣ್ಣದಾದಾಗ ಅದರಿಂದ ಭಾಗಿಸುವ ಲೆಕ್ಕದಲ್ಲಿ ಗದ್ದಲ ಹತ್ತು ಪಟ್ಟು ಉಬ್ಬಿತು. ಈ ಇಡೀ ತಂತ್ರದ ಜೀವ ಇರುವುದು ಇಲ್ಲೇ. ಆಂಟೆನಾ ಎಷ್ಟಿವೆ ಎನ್ನುವುದಕ್ಕಿಂತ ಅವು ಎಷ್ಟು ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತವೆ ಎನ್ನುವುದು ಮುಖ್ಯ.

ಬಯಲಲ್ಲಿ ಎರಡೂ ಆಂಟೆನಾಗಳು ಒಂದೇ ರೀತಿ ಕೇಳುವುದೇಕೆ? ರೂಟರಿನ ಎರಡು ಆಂಟೆನಾಗಳ ನಡುವೆ 10 ಸೆಂ.ಮೀ., ಫೋನಿನ ಎರಡು ಆಂಟೆನಾಗಳ ನಡುವೆಯೂ 10 ಸೆಂ.ಮೀ., ಎರಡೂ ಎದುರುಬದುರಾಗಿ 5 ಮೀಟರ್ ದೂರದಲ್ಲಿವೆ ಎಂದುಕೊಳ್ಳಿ. ನೇರ ದಾರಿ 5 ಮೀಟರ್. ಅಡ್ಡಡ್ಡ ದಾರಿಯನ್ನು ಪೈಥಾಗೊರಸ್ ಲೆಕ್ಕದಿಂದ ತೆಗೆದರೆ 5 ಮೀಟರಿಗಿಂತ ಒಂದು ಮಿಲಿಮೀಟರ್ ಮಾತ್ರ ಹೆಚ್ಚು. 5.5 ಗಿಗಾಹರ್ಟ್ಸ್‌ನ ವೈಫೈ ಅಲೆಯ ಉದ್ದ ಸುಮಾರು 5.5 ಸೆಂ.ಮೀ. ಅದರ ಮುಂದೆ ಒಂದು ಮಿಲಿಮೀಟರ್ ಏನೇನೂ ಅಲ್ಲ. ನಾಲ್ಕೂ ದಾರಿಗಳು ಹೆಚ್ಚುಕಡಿಮೆ ಒಂದೇ. ಮೇಲಿನ ಮೊದಲ ಉದಾಹರಣೆಯಷ್ಟು ಸೊಗಸಾಗಿ ಬಿಡಿಸಬೇಕಾದರೆ ಅಡ್ಡ ದಾರಿ ಕಾಲು ಅಲೆಯಷ್ಟು, ಅಂದರೆ ಸುಮಾರು 1.4 ಸೆಂ.ಮೀ. ಹೆಚ್ಚಿರಬೇಕು. ಅದಕ್ಕೆ ಎರಡೂ ಕಡೆ ಆಂಟೆನಾಗಳು 37 ಸೆಂ.ಮೀ. ಅಂತರದಲ್ಲಿರಬೇಕು. ಅಷ್ಟು ದೊಡ್ಡ ಫೋನನ್ನು ಯಾರು ಜೇಬಿನಲ್ಲಿಟ್ಟುಕೊಳ್ಳುತ್ತಾರೆ?

ಗೋಡೆ ಉಪಕಾರಕ್ಕೆ ಬರುವುದು ಇಲ್ಲಿ. ಪಕ್ಕದ ಗೋಡೆಗೆ ಬಡಿದು ಬರುವ ಅಲೆ, ಆ ಗೋಡೆಯಾಚೆ ಇನ್ನೊಂದು ರೂಟರ್ ಕೂತು ಅಲ್ಲಿಂದ ಕಳಿಸಿದಂತೆಯೇ ಫೋನಿಗೆ ತಲುಪುತ್ತದೆ. ರೂಟರ್ ಗೋಡೆಯಿಂದ 3 ಮೀಟರ್ ಈಚೆಗಿದ್ದರೆ ಅದರ ಪ್ರತಿಬಿಂಬ 3 ಮೀಟರ್ ಆಚೆಗಿರುತ್ತದೆ. ಅಂದರೆ 10 ಸೆಂ.ಮೀ. ಅಗಲದ ರೂಟರಿಗೆ ಗೋಡೆ ಪುಕ್ಕಟೆಯಾಗಿ 6 ಮೀಟರ್ ಅಗಲ ಒದಗಿಸಿತು. ಈಗ ಫೋನಿಗೆ ಒಂದು ಅಲೆ ಎದುರಿನಿಂದ ಬರುತ್ತದೆ, ಇನ್ನೊಂದು ಸುಮಾರು 50 ಡಿಗ್ರಿ ಓರೆಯಾಗಿ ಬರುತ್ತದೆ. ಎದುರಿನಿಂದ ಬಂದದ್ದು ಫೋನಿನ ಎರಡೂ ಆಂಟೆನಾಗಳನ್ನು ಒಟ್ಟಿಗೇ ಮುಟ್ಟುತ್ತದೆ. ಓರೆಯಾಗಿ ಬಂದದ್ದು ಒಂದನ್ನು ಮುಟ್ಟಿದ ಮೇಲೆ ಇನ್ನೊಂದನ್ನು ಮುಟ್ಟಲು ಏಳೂವರೆ ಸೆಂ.ಮೀ.ಗಿಂತ ಹೆಚ್ಚು ಮುಂದೆ ಸಾಗಬೇಕು, ಅದು ಒಂದು ಇಡೀ ಅಲೆಗಿಂತ ಉದ್ದ. ರೂಟರ್ ಕಡೆಯಲ್ಲೂ ಹೀಗೆಯೇ: ಅದರ ಎರಡು ಆಂಟೆನಾಗಳಿಂದ ಗೋಡೆಯತ್ತ ಹೊರಟ ಅಲೆಗಳ ನಡುವಿನ ಹೊಂದಿಕೆ, ನೇರ ಹೊರಟವುಗಳ ಹೊಂದಿಕೆಯಂತಿಲ್ಲ. ಹೀಗೆ `a` ಮತ್ತು `b` ಫೋನಿನ ಎರಡು ಆಂಟೆನಾಗಳಲ್ಲಿ ಎರಡು ಬೇರೆ ರೀತಿಯಲ್ಲಿ ಬೆರೆಯುತ್ತವೆ. ಒಂದೇ ಗೋಡೆಯ ಬದಲು ನಾಲ್ಕು ಗೋಡೆ, ತಾರಸಿ, ಬೀರು, ಫ್ರಿಜ್ಜು ಎಲ್ಲವೂ ಸೇರಿ ಹತ್ತಾರು ದಿಕ್ಕಿನಿಂದ ಅಲೆ ಬರುವಾಗ, ಎರಡು ಮಿಶ್ರಣಗಳು ಒಂದರ ನಕಲಾಗಿರುವ ಸಂಭವ ತೀರಾ ಕಡಿಮೆಯಾಗುತ್ತದೆ. ಆಂಟೆನಾಗಳ ನಡುವೆ ಅರ್ಧ ಅಲೆಯಷ್ಟು, ಅಂದರೆ 5.5 ಗಿಗಾಹರ್ಟ್ಸ್‌ನಲ್ಲಿ ಮೂರು ಸೆಂ.ಮೀ.ಗಿಂತ ಕಡಿಮೆ ಅಂತರವೇ ಸಾಕಾಗುತ್ತದೆ.

ಈ ಹೊಳಹಿನ ಇತಿಹಾಸದಲ್ಲಿ ಬೆಂಗಳೂರಿನಿಂದ ಹೋದವರೊಬ್ಬರಿದ್ದಾರೆ. ಆರೋಗ್ಯಸ್ವಾಮಿ ಪೌಲ್‌ರಾಜ್ ಭಾರತೀಯ ನೌಕಾಪಡೆಯ ಅಧಿಕಾರಿ. ನೀರಿನಡಿಯ ಜಲಾಂತರ್ಗಾಮಿಯನ್ನು ಶಬ್ದದಿಂದ ಪತ್ತೆಹಚ್ಚುವ ಸೋನಾರ್ ವ್ಯವಸ್ಥೆಯನ್ನು ನೌಕಾಪಡೆಗೆ ರೂಪಿಸಿಕೊಟ್ಟವರು, 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬೊಟಿಕ್ಸ್ ಕೇಂದ್ರವನ್ನು ಕಟ್ಟಿದವರು. ಸೋನಾರ್ ಕೂಡ ಹಲವು ಕಿವಿಗಳಿಂದ ಕೇಳಿ, ಯಾವ ಸದ್ದು ಯಾವ ದಿಕ್ಕಿನದು ಎಂದು ಬೇರ್ಪಡಿಸುವ ಕೆಲಸವೇ. ನಿವೃತ್ತಿಯ ನಂತರ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ, ಪುಣೆಯಲ್ಲಿ ಹುಟ್ಟಿ ಬೆಳೆದ ಥಾಮಸ್ ಕೈಲಾತ್ ಅವರ ಜೊತೆ ಕೆಲಸ ಮಾಡಿದರು. ಒಂದೇ ತರಂಗಾಂತರದಲ್ಲಿ ಬೆರೆತ ಸಿಗ್ನಲ್‌ಗಳನ್ನು ಬೇರ್ಪಡಿಸುವ ಪ್ರಯೋಗಗಳಲ್ಲಿ, ಅಲೆಗಳು ಚದುರಿದ ಕಡೆ ಬೇರ್ಪಡಿಸುವುದು ಸುಲಭವಾಗುತ್ತಿದ್ದುದು ಪೌಲ್‌ರಾಜ್ ಅವರ ಗಮನಕ್ಕೆ ಬಂತು. 1992ರಲ್ಲಿ ಇಬ್ಬರೂ ಪೇಟೆಂಟಿಗೆ ಅರ್ಜಿ ಹಾಕಿದರು, 1994ರಲ್ಲಿ ಅದು ಮಂಜೂರಾಯಿತು. ವೇಗದ ಒಂದು ಸಂದೇಶವನ್ನು ಹಲವು ನಿಧಾನದ ಸಂದೇಶಗಳಾಗಿ ಸೀಳಿ, ಬೇರೆ ಬೇರೆ ಕಡೆಯಿಂದ ಒಂದೇ ತರಂಗಾಂತರದಲ್ಲಿ ಕಳಿಸಿ, ಕೇಳುವ ಕಡೆ ಹಲವು ಆಂಟೆನಾಗಳಿಂದ ಬಿಡಿಸಿಕೊಳ್ಳುವುದು ಅದರ ತಿರುಳು.

ಇದೇ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಎಮ್ರೆ ತೆಲಾತಾರ್ ಮತ್ತು ಜೆರಾರ್ಡ್ ಫೊಶಿನಿ, ಚದುರುವ ಪರಿಸರದಲ್ಲಿ ಸಾಮರ್ಥ್ಯವು ಎರಡೂ ಕಡೆಯ ಆಂಟೆನಾಗಳ ಸಂಖ್ಯೆಯ ಜೊತೆಜೊತೆಗೇ ಏರುತ್ತದೆ ಎಂದು ಗಣಿತದಿಂದ ತೋರಿಸಿದರು. ನಂಬಲು ಕಷ್ಟವಾದ ಮಾತು ಅದು. ಅಲ್ಲಿಯವರೆಗೆ ಶಾನನ್ ಸೂತ್ರದ ಲಾಗರಿದಮ್ ಜೊತೆ ಗುದ್ದಾಡುತ್ತಿದ್ದವರಿಗೆ ನೇರ ಏರಿಕೆ ಎಂದರೆ ಕನಸು. 1998ರಲ್ಲಿ ಬೆಲ್ ಲ್ಯಾಬ್ಸ್ ತಂಡ ಕಳಿಸಲು 8, ಕೇಳಲು 12 ಆಂಟೆನಾ ಇಟ್ಟು ಕಟ್ಟಡದೊಳಗೆ ಮಾಡಿ ತೋರಿಸಿತು. ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ 20ರಿಂದ 40 ಬಿಟ್ ಸಿಕ್ಕಿತು. ಅವರು ಬಿಡಿಸುತ್ತಿದ್ದ ಬಗೆಯೂ ಚಂದ: ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುವ ಸಂದೇಶವನ್ನು ಮೊದಲು ಓದಿ, ಅದು ಎಷ್ಟು ಬೆರೆತಿತ್ತೋ ಅಷ್ಟನ್ನು ಮಿಶ್ರಣದಿಂದ ಕಳೆದು, ಉಳಿದದ್ದರಲ್ಲಿ ಸ್ಪಷ್ಟವಾದದ್ದನ್ನು ಓದಿ, ಹೀಗೆ ಒಂದೊಂದಾಗಿ.

ಈವರೆಗಿನ ಲೆಕ್ಕದಲ್ಲಿ ಒಂದು ಮಾತನ್ನು ಮುಚ್ಚಿಟ್ಟಿದ್ದೆ. `a`, `b` ಹೇಗೆ ಬೆರೆತಿವೆ ಎಂಬುದು ಫೋನಿಗೆ ಮೊದಲೇ ಗೊತ್ತಿದ್ದರೆ ತಾನೆ ಬಿಡಿಸುವುದು? ಅದು ಯಾರೂ ಹೇಳಿಕೊಡದ ಸಂಗತಿ. ಕೋಣೆಯಲ್ಲಿ ಒಬ್ಬರು ಎದ್ದು ನಡೆದರೂ ಬದಲಾಗುವ ಸಂಗತಿ. ಅದಕ್ಕಾಗಿ ಪ್ರತಿ ವೈಫೈ ಪ್ಯಾಕೆಟ್ಟಿನ ಆರಂಭದಲ್ಲಿ, ಎರಡೂ ಕಡೆಯವರಿಗೆ ಮೊದಲೇ ಗೊತ್ತಿರುವ ಒಂದು ಪಾಠವನ್ನು ಆಂಟೆನಾಗಳು ಹೊರಡಿಸುತ್ತವೆ. ಕಳಿಸಿದ್ದೇನು ಎಂಬುದು ಗೊತ್ತು, ಬಂದದ್ದೇನು ಎಂಬುದು ಕಾಣುತ್ತಿದೆ, ಹಾಗಾದರೆ ನಡುವೆ ಬೆರಕೆ ಹೇಗಾಯಿತು ಎಂದು ಫೋನು ಲೆಕ್ಕ ಹಾಕುತ್ತದೆ. ಸ್ಟ್ರೀಮ್ ಹೆಚ್ಚಿದಷ್ಟೂ ಈ ಪಾಠದ ಉದ್ದವೂ ಹೆಚ್ಚುತ್ತದೆ, ಆ ಹೊತ್ತಿನಲ್ಲಿ ಮಾಹಿತಿ ಹೋಗುವುದಿಲ್ಲ. ಹಾಗಾಗಿ ಎರಡು ಸ್ಟ್ರೀಮ್ ಎಂದರೆ ಸರಿಯಾಗಿ ಎರಡರಷ್ಟು ಎಂದು ಕೈಗೆ ಸಿಗುವುದಿಲ್ಲ.

ಇನ್ನು ಆ ಹಳೆಯ ನೆರಳು, ತಡವಾಗಿ ಬಂದ ಪ್ರತಿ? ಅದನ್ನು ತಾಳಿಕೊಳ್ಳಲು ಬ್ಯಾಂಡ್‌ವಿಡ್ತನ್ನು ನೂರಾರು ಕಿರಿದಾದ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲೂ ನಿಧಾನವಾಗಿ ಕಳಿಸುವ ಒಎಫ್‌ಡಿಎಂ ಎಂಬ ವಿಧಾನವಿದೆ. ಪ್ರತಿ ಸಂಕೇತದ ಮುಂದೆ ಸಾಮಾನ್ಯವಾಗಿ 0.8 ಮೈಕ್ರೊಸೆಕೆಂಡಿನ ಬಿಡುವು ಬಿಡುತ್ತಾರೆ. ಅಷ್ಟರಲ್ಲಿ ಅಲೆ 240 ಮೀಟರ್ ಸಾಗುತ್ತದೆ. ನೇರ ದಾರಿಗಿಂತ 240 ಮೀಟರಿನೊಳಗೆ ಹೆಚ್ಚು ಸುತ್ತಿ ಬಂದ ಪ್ರತಿಗಳೆಲ್ಲ ಆ ಬಿಡುವಿನೊಳಗೇ ಬಂದು ಸೇರಿಕೊಳ್ಳುತ್ತವೆ, ಮುಂದಿನ ಸಂಕೇತವನ್ನು ಕೆಡಿಸುವುದಿಲ್ಲ. ಮನೆಯಲ್ಲಿ ಇದು ಧಾರಾಳ. ಪ್ರತಿ ಕಿರುಪಟ್ಟಿಗೂ ಮೇಲೆ ನೋಡಿದಂಥ ಒಂದೊಂದು ಜೋಡಿ ಸಮೀಕರಣ ಬೇರೆಯೇ ಇರುತ್ತದೆ, ಫೋನು ಅವೆಲ್ಲವನ್ನೂ ಒಟ್ಟಿಗೆ ಬಿಡಿಸುತ್ತಿರುತ್ತದೆ. 2009ರಲ್ಲಿ ಬಂದ 802.11n ವೈಫೈ ಮಾನದಂಡ ಈ ಎರಡನ್ನೂ ಜೋಡಿಸಿ ಮನೆಮನೆಗೆ ತಂದಿತು.

ಹಾಗಾದರೆ ಗೋಡೆ ಹೆಚ್ಚಿದಷ್ಟೂ ವೇಗ ಹೆಚ್ಚೇ? ಇಲ್ಲ, ಮತ್ತು ಇದನ್ನು ಬಿಡಿಸಿ ಹೇಳಲೇಬೇಕು. ಅಲೆಯನ್ನು ಚದುರಿಸುವುದು ಬೇರೆ, ನುಂಗುವುದು ಬೇರೆ. ಕಾಂಕ್ರೀಟ್ ಗೋಡೆ ಎರಡನ್ನೂ ಮಾಡುತ್ತದೆ. ಎರಡು ಸ್ಟ್ರೀಮ್‌ಗೆ ವ್ಯತ್ಯಾಸ ಬೇಕು, ಜೊತೆಗೆ ಬಲವೂ ಬೇಕು. ಎರಡು ಕಡೆಯೂ ಎರಡೆರಡು ಆಂಟೆನಾ, ಒಟ್ಟು ಶಕ್ತಿ ಒಂದೇ ಎಂದಿಟ್ಟುಕೊಂಡು ಶಾನನ್ ಲೆಕ್ಕವನ್ನೇ ಮಾಡೋಣ. ಸಿಗ್ನಲ್ ಗದ್ದಲಕ್ಕಿಂತ 1000 ಪಟ್ಟು ಇದ್ದಾಗ, ಮೊದಲ ಉದಾಹರಣೆಯಂಥ ಚೆನ್ನಾಗಿ ಚದುರಿದ ಜಾಗದಲ್ಲಿ ಎರಡು ಸ್ಟ್ರೀಮ್ ಸೇರಿ ಪ್ರತಿ ಹರ್ಟ್ಸ್‌ಗೆ ಸುಮಾರು 20 ಬಿಟ್ ಸಿಗುತ್ತದೆ. ನಾಲ್ಕೂ ದಾರಿ ಒಂದೇ ಆಗಿರುವ ಬಯಲಿನಲ್ಲಿ ಎರಡು ಸ್ಟ್ರೀಮ್ ಸಾಧ್ಯವಿಲ್ಲ, ಎರಡೂ ಆಂಟೆನಾಗಳನ್ನು ಒಂದೇ ಸಂದೇಶಕ್ಕೆ ಒತ್ತುಕೊಡಲು ಬಳಸಬಹುದು. ಆಗ ಬಲ ನಾಲ್ಕು ಪಟ್ಟಾಗುತ್ತದೆ, ಸಿಗುವುದು 12 ಬಿಟ್. ವ್ಯತ್ಯಾಸ ದೊಡ್ಡದು. ಈಗ ಸಿಗ್ನಲ್ ಗದ್ದಲದಷ್ಟೇ ದುರ್ಬಲವಾದ ದೂರದ ಮೂಲೆಗೆ ಹೋಗಿ. ಚದುರಿದಲ್ಲಿ ಎರಡು ಸ್ಟ್ರೀಮ್ ಸೇರಿ 2 ಬಿಟ್, ಬಯಲಿನ ಒಂದು ಸ್ಟ್ರೀಮ್‌ನಲ್ಲಿ 2.3 ಬಿಟ್. ಗೆದ್ದದ್ದು ಬಯಲು! ಸಿಗ್ನಲ್ ಸೊರಗಿದಾಗ ಇದ್ದ ಶಕ್ತಿಯನ್ನೆಲ್ಲ ಒಂದೇ ಕಡೆ ಹಾಕುವುದು ಲೇಸು. ಆದ್ದರಿಂದಲೇ ರೂಟರ್ ಪ್ರತಿ ಕ್ಷಣ ಅಳೆದು, ಎಷ್ಟು ಸ್ಟ್ರೀಮ್ ಕಳಿಸಬೇಕೆಂದು ನಿರ್ಧಾರ ಬದಲಿಸುತ್ತಿರುತ್ತದೆ.

ಇದನ್ನು ಕಣ್ಣಾರೆ ನೋಡುವುದು ಕಷ್ಟವಲ್ಲ. ಲಿನಕ್ಸ್ ಲ್ಯಾಪ್‌ಟಾಪ್ ಇದ್ದರೆ ಟರ್ಮಿನಲ್ಲಿನಲ್ಲಿ ಇದನ್ನು ಟೈಪ್ ಮಾಡಿ. `wlan0` ಬದಲು ನಿಮ್ಮ ಯಂತ್ರದಲ್ಲಿ ವೈಫೈಗೆ ಬೇರೆ ಹೆಸರಿರಬಹುದು.

```
iw dev wlan0 link
```

ಬರುವ ಉತ್ತರದಲ್ಲಿ ಇಂಥ ಎರಡು ಸಾಲುಗಳಿರುತ್ತವೆ:

```
signal: -43 dBm
tx bitrate: 866.7 MBit/s VHT-MCS 9 80MHz short GI VHT-NSS 2
```

ಕೊನೆಯ `NSS 2` ಎಂದರೆ ಎರಡು ಸ್ಟ್ರೀಮ್ ಒಟ್ಟಿಗೆ ಹೋಗುತ್ತಿವೆ. ಅದು `NSS 1` ಆದಾಗ ಉಳಿದದ್ದೆಲ್ಲ ಹಾಗೇ ಇದ್ದರೆ ವೇಗ 433.3 ಆಗುತ್ತದೆ, ಸರಿಯಾಗಿ ಅರ್ಧ. `signal` ಎಂಬುದು −75ರ ಆಸುಪಾಸಿಗೆ ಇಳಿದು `NSS 1` ಆಗಿದ್ದರೆ ಅದು ಬಲದ ಕೊರತೆ, ರೂಟರನ್ನು ಹತ್ತಿರ ತರಬೇಕು. ಆದರೆ `signal` −40ರಷ್ಟು ಗಟ್ಟಿಯಾಗಿದ್ದೂ `NSS 1`ರಲ್ಲೇ ನಿಂತಿದ್ದರೆ ಕಾರಣ ಬೇರೆ. ಒಂದೋ ಆ ಯಂತ್ರದಲ್ಲಿ ಇರುವುದೇ ಒಂದು ಆಂಟೆನಾ (ಅಗ್ಗದ ಯುಎಸ್‌ಬಿ ಅಡಾಪ್ಟರುಗಳಲ್ಲಿ ಹೀಗಿರುವುದು ಮಾಮೂಲು), ಇಲ್ಲವೇ ಎರಡು ಆಂಟೆನಾಗಳೂ ಒಂದೇ ಮಿಶ್ರಣವನ್ನು ಕೇಳುತ್ತಿವೆ. ಎರಡನೆಯದಾದರೆ ರೂಟರನ್ನು ಒಂದು ಗೇಣು ಸರಿಸಿ, ಇಲ್ಲವೇ ಅದರ ಒಂದು ಆಂಟೆನಾವನ್ನು ನೆಟ್ಟಗೆ ಬಿಟ್ಟು ಇನ್ನೊಂದನ್ನು ಅಡ್ಡ ಮಲಗಿಸಿ ನೋಡಿ. ಎಲ್ಲ ಆಂಟೆನಾಗಳನ್ನೂ ಸಾಲಾಗಿ ನೆಟ್ಟಗೆ ನಿಲ್ಲಿಸಿದರೆ ನೋಡಲು ಚಂದ, ಕೆಲಸಕ್ಕೆ ಅಷ್ಟು ಚಂದವಲ್ಲ.

ಅಡ್ಡ ಮಲಗಿಸುವುದರಲ್ಲಿ ಒಂದು ಗುಟ್ಟಿದೆ. ರೇಡಿಯೊ ಅಲೆ ನೆಟ್ಟಗೂ ತುಯ್ಯಬಹುದು, ಅಡ್ಡಡ್ಡವೂ ತುಯ್ಯಬಹುದು. ನೆಟ್ಟಗಿನ ಆಂಟೆನಾ ಅಡ್ಡ ತುಯ್ಯುವ ಅಲೆಯನ್ನು ಹೆಚ್ಚು ಕೇಳಿಸಿಕೊಳ್ಳುವುದಿಲ್ಲ. ಗೋಡೆಯೇ ಇಲ್ಲದ ಬಯಲಿನಲ್ಲೂ ಈ ವ್ಯತ್ಯಾಸ ಉಳಿಯುತ್ತದೆ. ಹಾಗಾಗಿ ಬಯಲಲ್ಲೂ ಎರಡು ಸ್ಟ್ರೀಮ್ ಸಾಧ್ಯ. ಆದರೆ ಎರಡೇ. ಮೂರನೆಯದು ಬೇಕೆಂದರೆ ಮತ್ತೆ ಬೇರೆ ಬೇರೆ ದಿಕ್ಕಿನಿಂದ ಬರುವ ಅಲೆಗಳನ್ನೇ ನೆಚ್ಚಿಕೊಳ್ಳಬೇಕು.

ಮೊಬೈಲ್ ಟವರಿನಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಫೋನು ಬೀದಿಯಲ್ಲಿದೆ, ಅದರ ಸುತ್ತ ಕಟ್ಟಡ, ಬಸ್ಸು, ಅಂಗಡಿಯ ಶಟರು ಎಲ್ಲ ಇವೆ, ಅಲೆ ಎಲ್ಲ ದಿಕ್ಕಿನಿಂದ ಬರುತ್ತದೆ. ಟವರಿನ ತುದಿಯಲ್ಲಿರುವ ಆಂಟೆನಾದ ಸುತ್ತ ಮಾತ್ರ ಬರೀ ಆಕಾಶ. ಅರ್ಧ ಕಿಲೊಮೀಟರ್ ಆಚೆಯ ಆ ಬೀದಿಯಿಂದ ಬರುವ ಅಲೆಗಳೆಲ್ಲ ಅದಕ್ಕೆ ಒಂದೇ ಕಿರಿದಾದ ಕೋನದಿಂದ ಬಂದಂತೆ ಕಾಣುತ್ತವೆ. ಫೋನಿನ ಕಡೆ ಎಷ್ಟೇ ಚದುರಿದರೂ ಟವರಿನ ಕಡೆ ಚದುರದಿದ್ದರೆ ಮಿಶ್ರಣಗಳು ನಕಲುಗಳಾಗಿಬಿಡುತ್ತವೆ. ಅಲ್ಲಿ ಅರ್ಧ ಅಲೆಯ ಅಂತರ ಸಾಲದು, ಹಲವು ಅಲೆಗಳಷ್ಟು ಬೇಕು. ಹಾಗೆ ಅಗಲಕ್ಕೆ ಕಟ್ಟಿದರೆ ಗಾಳಿಗೆ ಟವರಿನ ಮೇಲೆ ಹೊರೆ ಬೀಳುತ್ತದೆ. ಆದ್ದರಿಂದ ಟವರಿನ ಪೆಟ್ಟಿಗೆಗಳೊಳಗೆ 45 ಡಿಗ್ರಿ ಎಡಕ್ಕೊಂದು, 45 ಡಿಗ್ರಿ ಬಲಕ್ಕೊಂದು ವಾಲಿಸಿದ ಜೋಡಿ ಆಂಟೆನಾಗಳನ್ನು ಇಡುತ್ತಾರೆ. ಒಂದೇ ಜಾಗದಲ್ಲಿ, ಎರಡು ತುಯ್ತ.

ಬೆಲ್ ಲ್ಯಾಬ್ಸ್‌ನ ಸಂಶೋಧಕರು ಇದಕ್ಕಿಂತ ವಿಚಿತ್ರವಾದ ಸನ್ನಿವೇಶವೊಂದನ್ನು ವಿವರಿಸಿದ್ದಾರೆ. ಎರಡು ಕೋಣೆ, ಎರಡರಲ್ಲೂ ಅಲೆ ಚೆನ್ನಾಗಿ ಚದುರುತ್ತದೆ, ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಅಲೆಗಿಂತ ಚಿಕ್ಕದಾದ ಒಂದೇ ತೂತು. ಮೊದಲ ಕೋಣೆಯಲ್ಲಿ `a`, `b` ಹೇಗೇ ಬೆರೆತಿರಲಿ, ತೂತಿನಿಂದ ಆಚೆ ಹೋಗುವುದು ಒಂದೇ ಒಂದು ಮಿಶ್ರಣ. ಆಚೆಯ ಕೋಣೆಯಲ್ಲಿ ಅದು ಎಷ್ಟು ಚದುರಿದರೂ ಅದೇ ಮಿಶ್ರಣದ ದೊಡ್ಡ ಚಿಕ್ಕ ಪ್ರತಿಗಳಷ್ಟೇ ಸಿಗುತ್ತವೆ. ಬೀಗದ ಕಣ್ಣು ಎಂದು ಅದಕ್ಕೆ ಹೆಸರಿಟ್ಟರು. ನಿಜಜೀವನದಲ್ಲಿ ಇಷ್ಟು ಶುದ್ಧ ರೂಪದಲ್ಲಿ ಅದು ಸಿಗುವುದು ಅಪರೂಪ. ಆದರೂ ಚದುರುವಿಕೆ ಎಂಬ ಪದವನ್ನು ಕಣ್ಣುಮುಚ್ಚಿ ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ: ಬೇಕಾದದ್ದು ಈ ತುದಿಯಿಂದ ಆ ತುದಿಯವರೆಗೆ ಬೇರೆ ಬೇರೆಯಾಗಿಯೇ ಉಳಿಯುವ ದಾರಿಗಳು.

ಟವರ್ ಫುಲ್ ಇದ್ದರೂ ನೆಟ್ ನಿಧಾನ ಎಂಬ ದೂರಿಗೆ ಬಹಳ ಸಲ ಜನಸಂದಣಿ ಕಾರಣ, ಒಮ್ಮೊಮ್ಮೆ ಇದು. ಪರದೆಯ ಮೇಲಿನ ಕಡ್ಡಿಗಳು ಬಲವನ್ನು ಮಾತ್ರ ತೋರಿಸುತ್ತವೆ, ಎಷ್ಟು ಸ್ಟ್ರೀಮ್ ಬಿಡಿಸಲು ಸಾಧ್ಯ ಎಂಬುದನ್ನು ಹೇಳುವುದಿಲ್ಲ. ಅದನ್ನು ಫೋನು ಟವರಿಗೆ ಗುಟ್ಟಾಗಿ ಹೇಳುತ್ತಿರುತ್ತದೆ. 4ಜಿ ಮತ್ತು 5ಜಿಯಲ್ಲಿ ಅದಕ್ಕೆ ರ‍್ಯಾಂಕ್ ಇಂಡಿಕೇಟರ್ ಎಂದು ಹೆಸರು, ಎಂಜಿನಿಯರುಗಳ ಪರೀಕ್ಷಾ ಆ್ಯಪ್‌ಗಳಲ್ಲಿ `RI` ಎಂದು ಕಾಣುತ್ತದೆ. ಟವರಿನ ಎದುರೇ ಬಯಲಲ್ಲಿ ನಿಂತವರ ಫೋನು 2 ಎನ್ನುತ್ತಿರುವಾಗ, ಕಟ್ಟಡಗಳ ನಡುವೆ ಸ್ವಲ್ಪ ಕಡಿಮೆ ಕಡ್ಡಿ ಇರುವವರ ಫೋನು 4 ಎನ್ನಬಹುದು. 700 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಈ ಆಸೆ ಇಟ್ಟುಕೊಳ್ಳುವಂತಿಲ್ಲ. ಅಲ್ಲಿ ಅಲೆಯ ಉದ್ದ 43 ಸೆಂ.ಮೀ., ಇಡೀ ಫೋನೇ ಅದರ ಮೂರನೇ ಒಂದು ಭಾಗ. ನಾಲ್ಕು ಆಂಟೆನಾ ತುರುಕಿದರೂ ಅವು ಹೆಚ್ಚುಕಡಿಮೆ ಒಂದನ್ನೇ ಕೇಳುತ್ತವೆ. 3.5 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಎಂಟೂವರೆ ಸೆಂ.ಮೀ., ಅಲ್ಲಿ ನಾಲ್ಕಕ್ಕೂ ಜಾಗವಿದೆ.

ಟವರಿನಲ್ಲಿ 64 ಆಂಟೆನಾ ಇದ್ದರೂ ಫೋನಿನಲ್ಲಿ ನಾಲ್ಕಿದ್ದರೆ ಆ ಫೋನಿಗೆ ನಾಲ್ಕಕ್ಕಿಂತ ಹೆಚ್ಚು ಸ್ಟ್ರೀಮ್ ಕೊಡಲಾಗುವುದಿಲ್ಲ, ಎರಡು ಕಡೆಗಳಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಉಳಿದ ಆಂಟೆನಾಗಳಿಗೆ 5ಜಿ ಬೇರೆ ಕೆಲಸ ಹುಡುಕಿಕೊಂಡಿದೆ. ಎರಡು ಸಂದೇಶಗಳನ್ನು ಒಂದೇ ಫೋನಿಗೆ ಕಳಿಸುವ ಬದಲು ಎರಡು ಬೇರೆ ಫೋನುಗಳಿಗೆ, ಅದೇ ತರಂಗಾಂತರದಲ್ಲಿ, ಅದೇ ಕ್ಷಣದಲ್ಲಿ ಕಳಿಸುವುದು. ಆ ಫೋನುಗಳು ಒಂದರಿಂದ ಒಂದು ನೂರಾರು ಮೀಟರ್ ದೂರದಲ್ಲಿರುವುದರಿಂದ, ಒಂದು ಫೋನಿನ ಎರಡು ಆಂಟೆನಾಗಳನ್ನು ಬೇರ್ಪಡಿಸಲು ಗೋಡೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆ ದೂರವೇ ಮಾಡಿಕೊಡುತ್ತದೆ. ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತ ಇಬ್ಬರ ಫೋನುಗಳು ಬಯಲಲ್ಲಿದ್ದರೆ ಟವರಿಗೆ ಅವು ಒಂದೇ ದಿಕ್ಕಿನಲ್ಲಿರುತ್ತವೆ. ಆಗ ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರಿಗೆ ಕಳಿಸುವ ಹಳೆಯ ಕ್ರಮಕ್ಕೇ ಅದು ಮರಳುತ್ತದೆ.